ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗುವ ಪಿಕಪ್: ಕ್ರಾಸ್ ಹೋಗಿದೆಯೋ, ಸೆಂಟರ್ ಬೇರಿಂಗೋ?

ಬಿಳಿಪಿಕಪ್

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರದ ಕಡೆಯವನು. ಹಿಂದಿನ ಚಕ್ರಗಳಿಗೆ ಚಾಲನೆಯಿರುವ ಡೀಸೆಲ್ ಪಿಕಪ್ ಒಂದನ್ನು ಎಂಟು ವರ್ಷಗಳಿಂದ ಬಾಡಿಗೆಗೆ ಓಡಿಸುತ್ತಿದ್ದೇನೆ. ಅಡಿಕೆ, ಬಾಳೆಗೊನೆ, ಒಮ್ಮೊಮ್ಮೆ ಸಿಮೆಂಟು. ವಾರಕ್ಕೆ ಎರಡು ಸಲವಾದರೂ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗಿ ಬರುತ್ತೇನೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ನಡುವಿನ ಗೇರುಗಳಿರುವ ಹೌಸಿಂಗ್‌ವರೆಗಿನ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದು, ಅದು ಮಡಚುವ ಮೂರು ಕಡೆ ಕ್ರಾಸ್ ಎಂಬ ಕೀಲು, ನಡುವೆ ಸೆಂಟರ್ ಬೇರಿಂಗ್ ಇದೆ.

ಎರಡು ತಿಂಗಳಿನಿಂದ ಒಂದು ನಡುಕ ಶುರುವಾಗಿದೆ. ಒಂದನೇ ಅಥವಾ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಂಟೆಗೆ 15ರಿಂದ 35 ಕಿ.ಮೀ. ವೇಗದ ನಡುವೆ ಕಾಲಡಿಯ ತಗಡೂ ಗೇರ್ ಲಿವರೂ ಗಡಗಡ ನಡುಗುತ್ತವೆ. ಕಾಲು ತೆಗೆದ ಕ್ಷಣವೇ ಅದು ನಿಂತುಹೋಗುತ್ತದೆ. ಘಾಟಿಯನ್ನು ಹೊರೆಯೊಂದಿಗೆ ಹತ್ತುವಾಗ ಅತಿ ಹೆಚ್ಚು. ಸಮತಟ್ಟಾದ ರಸ್ತೆಯಲ್ಲಿ 60ರಲ್ಲಿ ಹೋಗುತ್ತಿದ್ದರೆ ಏನೂ ಇಲ್ಲ. ರಿವರ್ಸಿನಿಂದ ಒಂದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಅಡಿಯಲ್ಲಿ ಎಲ್ಲೋ 'ಟಣ್' ಎನ್ನುತ್ತದೆ. ಒಬ್ಬ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಎಂದರು, ಇನ್ನೊಬ್ಬರು ಕ್ರಾಸ್ ಎಂದರು, ಮೂರನೆಯವರು ನೋಡುವ ಮೊದಲೇ ಶಾಫ್ಟನ್ನೇ ಬದಲಿಸಿ ಎಂದರು. ಬಿಚ್ಚುವ ಮುನ್ನ ತಿಳಿದುಕೊಳ್ಳುವ ದಾರಿ ಇದೆಯೇ?

ಚಕ್ರವ್ಯೂಹ

ನಡುಕವೆಂದರೆ ಮೊದಲು ಚಕ್ರಗಳ ಬ್ಯಾಲೆನ್ಸಿಂಗ್ ನೋಡಬೇಕು ಎಂಬುದು ನನ್ನ ಅನುಭವ. ನನ್ನ ಜೀಪು ಹೀಗೆಯೇ ನಡುಗುತ್ತಿತ್ತು, ಸೀಸದ ತುಂಡುಗಳನ್ನು ಹಾಕಿಸಿದ ಮೇಲೆ ಸರಿಹೋಯಿತು. ಅದರಲ್ಲಿ ಹೋಗದಿದ್ದರೆ ಶಾಫ್ಟನ್ನು ಬಿಚ್ಚಿ ಅದನ್ನೂ ಬ್ಯಾಲೆನ್ಸ್ ಮಾಡಿಸಿ. ತೂಕ ಸಮವಾಗಿ ತಿರುಗದ ವಸ್ತು ನಡುಗಲೇಬೇಕು.

ಸಣ್ಣಕಾರು

ನನಗೂ ಇದೇ ತೊಂದರೆ ಇದೆ. ಆಕ್ಸಿಲರೇಟರ್ ಒತ್ತಿದಾಗ 50ರ ಆಸುಪಾಸಿನಲ್ಲಿ ಕಾರು ಅಡ್ಡಡ್ಡ ಅಲ್ಲಾಡುತ್ತದೆ. ಸಣ್ಣ ಹ್ಯಾಚ್‌ಬ್ಯಾಕ್, ಪೆಟ್ರೋಲ್. ನಾನೂ ಸೆಂಟರ್ ಬೇರಿಂಗ್ ಬದಲಿಸಬೇಕೆ?

ಹಳೇಡಿಪೋ

ಸಣ್ಣಕಾರು ಅವರೇ, ನಿಮ್ಮ ಕಾರಿನ ಮುಂದಿನ ಚಕ್ರಗಳಿಗೇ ಚಾಲನೆ ಇರುವುದರಿಂದ ಅಡಿಯಲ್ಲಿ ಉದ್ದನೆಯ ಪ್ರೊಪೆಲ್ಲರ್ ಶಾಫ್ಟೇ ಇರುವುದಿಲ್ಲ. ಒತ್ತಿದಾಗ ಅಡ್ಡಡ್ಡ ಅಲ್ಲಾಡುವುದೆಂದರೆ ಡ್ರೈವ್ ಶಾಫ್ಟಿನ ಗೇರ್‌ಬಾಕ್ಸ್ ಕಡೆಯ ಜಾಯಿಂಟನ್ನು ಮೊದಲು ನೋಡಿಸಿ. ಅದಕ್ಕೆ ಬೇರೆ ಚರ್ಚೆ ತೆರೆದರೆ ಇಬ್ಬರಿಗೂ ಅನುಕೂಲ.

ಬಿಳಿಪಿಕಪ್ ಅವರೇ, ನಾನು ಸಾರಿಗೆ ಸಂಸ್ಥೆಯ ಡಿಪೋ ಒಂದರಲ್ಲಿ ಬಹಳ ವರ್ಷ ಬಸ್ಸುಗಳ ಅಡಿಯಲ್ಲಿ ಮಲಗಿ ಕೆಲಸ ಮಾಡಿದವನು. ಉತ್ತರದ ಮುಕ್ಕಾಲು ಭಾಗ ನಿಮ್ಮ ವಿವರಣೆಯಲ್ಲೇ ಇದೆ. ತೂಕದ ಅಸಮತೋಲನಕ್ಕೆ ವೇಗವೊಂದೇ ಗೊತ್ತು. ನೀವು ಆಕ್ಸಿಲರೇಟರ್ ಒತ್ತಿದ್ದೀರೋ ಬಿಟ್ಟಿದ್ದೀರೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ವೇಗ ಏರಿದಷ್ಟೂ ಅದು ಹೆಚ್ಚಬೇಕು. ನಿಮ್ಮದು ವೇಗ ಏರಿದ ಮೇಲೆ ಮಾಯವಾಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಹಾಗಾಗಿ ಇದು ಎಳೆತಕ್ಕೆ ಅಂಟಿಕೊಂಡ ನಡುಕ. ಒಂದನೇ ಗೇರಿನಲ್ಲಿ ಎಂಜಿನ್ನಿನ ಎಳೆತ ಸುಮಾರು ನಾಲ್ಕು ಪಟ್ಟಾಗಿ ಶಾಫ್ಟಿಗೆ ಬರುತ್ತದೆ. ಕ್ರಾಸ್ ಒಂದು ಕೋನದಲ್ಲಿ ಆ ಎಳೆತವನ್ನು ಸಾಗಿಸುವಾಗ ಶಾಫ್ಟನ್ನು ಸುತ್ತಿಸುವುದಲ್ಲದೆ ಪಕ್ಕಕ್ಕೂ ತಳ್ಳುತ್ತದೆ, ಅದೂ ಒಂದು ಸುತ್ತಿಗೆ ಎರಡು ಸಲ. ಆ ತಳ್ಳುವಿಕೆಯನ್ನು ನುಂಗಿಕೊಳ್ಳಲೆಂದೇ ಸೆಂಟರ್ ಬೇರಿಂಗಿನ ಸುತ್ತ ರಬ್ಬರ್ ಇರುತ್ತದೆ. ರಬ್ಬರ್ ಹರಿದಿದ್ದರೆ ಶಾಫ್ಟ್ ಎದ್ದು ಬ್ರಾಕೆಟ್ಟಿಗೆ ಬಡಿಯುತ್ತದೆ; ನಿಮ್ಮ ಗಡಗಡ ಅದೇ ಇರಬೇಕು.

ಕ್ಲಚ್ ಎಂದವರನ್ನು ಒಂದೇ ಪರೀಕ್ಷೆಯಲ್ಲಿ ಬದಿಗಿಡಬಹುದು. ಕ್ಲಚ್ಚಿನ ಅದುರು ಪೆಡಲ್ ಅರ್ಧ ಬಿಟ್ಟ ಸ್ಥಿತಿಯಲ್ಲಿ ಮಾತ್ರ ಬರುತ್ತದೆ. ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆದು 20ರಲ್ಲಿ ಹೋಗುತ್ತಾ ಒತ್ತಿ ನೋಡಿ. ಆಗಲೂ ನಡುಗಿದರೆ ಕ್ಲಚ್ ಅಲ್ಲ. ಬಳಿಕ ಅದೇ 25ರ ವೇಗದಲ್ಲಿ ಒಮ್ಮೆ ಎರಡನೇ ಗೇರಿನಲ್ಲಿ, ಒಮ್ಮೆ ಮೂರನೇ ಗೇರಿನಲ್ಲಿ ಒತ್ತಿ. ಎಂಜಿನ್ನಿನ ಸುತ್ತು ಬದಲಾಗುತ್ತದೆ, ಆದರೆ ಶಾಫ್ಟಿನ ಸುತ್ತು ಬದಲಾಗುವುದಿಲ್ಲ. ನಡುಕದ ಲಯ ಎರಡರಲ್ಲೂ ಒಂದೇ ಆಗಿದ್ದರೆ ತೊಂದರೆ ಗೇರ್‌ಬಾಕ್ಸಿನ ಹಿಂದಿದೆ.

ಆಮೇಲೆ ವಾಹನದ ಅಡಿಗೆ ಹೋಗಿ. ಸಮತಟ್ಟಾದ ನೆಲ, ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು, ಎಂಜಿನ್ ಬಂದ್, ಗೇರ್ ನ್ಯೂಟ್ರಲ್. ಪ್ರತಿ ಕ್ರಾಸನ್ನು ಎರಡು ಬದಿಯಿಂದ ಹಿಡಿದಿರುವ ಕವೆಯಂಥ ಯೋಕುಗಳನ್ನು ಒಂದೊಂದು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುವಿ. ಅವೆರಡರ ನಡುವೆಯೇ ಸಡಿಲವಿದ್ದರೆ ಕ್ರಾಸ್ ಹೋಗಿದೆ. ಎರಡೂ ಒಟ್ಟಿಗೆ ಸ್ವಲ್ಪ ತಿರುಗಿ ನಿಂತರೆ ಅದು ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ ಹಲ್ಲುಗಳ ನಡುವಿನ ಆಟ, ಒಂದು ಮಿತಿಯೊಳಗೆ ಅದು ಇರಲೇಬೇಕು. ಕ್ರಾಸಿನ ತೋಳುಗಳ ತುದಿಯ ಬಟ್ಟಲಿನಂಥ ಕಪ್ಪುಗಳ ಸುತ್ತ ಕುಂಕುಮದಂಥ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗುಗಳು ತುಕ್ಕು ತಿನ್ನುತ್ತಿವೆ ಎಂದೇ ಅರ್ಥ. ಸೆಂಟರ್ ಬೇರಿಂಗನ್ನು ನೋಡಲು ಶಾಫ್ಟಿನಡಿಗೆ ಒಂದು ಮರದ ತುಂಡು ಕೊಟ್ಟು ಮೇಲಕ್ಕೆ ಎತ್ತಿ, ರಬ್ಬರಿನ ಮೇಲ್ಭಾಗವನ್ನು ಟಾರ್ಚಿನಲ್ಲಿ ನೋಡಿ. ಹರಿಯುವುದು ಬಹುಪಾಲು ಕಣ್ಣಿಗೆ ಕಾಣದ ಆ ಮೇಲ್ಭಾಗವೇ.

ಟ್ರಿಪ್‌ಶೀಟ್

ನಾನು ಹದಿನೇಳು ಸೀಟಿನ ಪ್ರವಾಸಿ ವಾಹನ ಇಟ್ಟುಕೊಂಡಿದ್ದೇನೆ. ಸೆಂಟರ್ ಬೇರಿಂಗನ್ನು ಒಂದೇ ವರ್ಷದಲ್ಲಿ ಮೂರು ಸಲ ಬದಲಿಸಿದ್ದೇನೆ. ಹಾಕಿದ ದಿನ ರೇಷ್ಮೆಯಂತೆ ಓಡುತ್ತದೆ, ಧರ್ಮಸ್ಥಳದ ನಾಲ್ಕು ಟ್ರಿಪ್ ಆಗುವಷ್ಟರಲ್ಲಿ ಮತ್ತೆ ಅದೇ ಗೋಳು. ಅಂಗಡಿಯವರು ಕೊಡುವ ರಬ್ಬರೇ ಕಳಪೆ ಎಂದು ನನಗೆ ಖಚಿತವಾಗಿದೆ. ಆದ್ದರಿಂದ ಬಿಳಿಪಿಕಪ್ ಅವರು ಬೇರೇನೂ ಯೋಚಿಸದೆ ಕಂಪನಿಯ ಅಸಲಿ ಸೆಂಟರ್ ಬೇರಿಂಗ್ ಹಾಕಿಸಿದರೆ ಸಾಕು.

ಹಳೇಡಿಪೋ

ರಬ್ಬರ್ ಕಳಪೆ ಇರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಮೂರು ಸಲವೂ ಅದೇ ಹರಿದಿದೆ ಎಂದರೆ ಅದನ್ನು ಹರಿಯುತ್ತಿರುವವರು ಬೇರೆ ಯಾರೋ ಇದ್ದಾರೆ. ನಿಮ್ಮ ಕ್ರಾಸುಗಳನ್ನು ಬಿಚ್ಚಿ ಕೈಯಲ್ಲಿ ಆಡಿಸಿ ನೋಡಿದ್ದೀರಾ? ಸಡಿಲವಾದ ಕ್ರಾಸ್ ಸದ್ದು ಮಾಡಿ ತನ್ನನ್ನು ತೋರಿಸಿಕೊಳ್ಳುತ್ತದೆ. ಬಿಗಿಯಾದ ಕ್ರಾಸ್ ಸುಮ್ಮನಿದ್ದು ಪಕ್ಕದವರನ್ನು ಕೊಲ್ಲುತ್ತದೆ. ಅದು ಸಲೀಸಾಗಿ ಮಡಚದಿದ್ದರೆ ಶಾಫ್ಟ್ ಸುತ್ತಿದಂತೆಲ್ಲ ಸೆಂಟರ್ ಬೇರಿಂಗನ್ನು ಎಳೆದಾಡುತ್ತದೆ. ವಾಹನದ ಮೇಲೆಯೇ ಕೈಯಿಂದ ತಿರುವಿ ನೋಡಿದರೆ ಈ ಬಿಗಿತ ಗೊತ್ತಾಗುವುದಿಲ್ಲ. ಫ್ಲಾಂಜಿನ ಬೋಲ್ಟು ಬಿಚ್ಚಿ ಜೋತುಬಿಟ್ಟು ನಾಲ್ಕು ದಿಕ್ಕಿಗೂ ಮಡಚಿ ನೋಡಬೇಕು.

ಬ್ರಾಕೆಟ್ ಕೂಡ ಶಾಫ್ಟಿಗೆ ನೇರ ಅಡ್ಡವಾಗಿ ಕೂತಿರಬೇಕು. ಅದರ ಬೋಲ್ಟಿನ ರಂಧ್ರಗಳು ಹೆಚ್ಚಾಗಿ ಉದ್ದುದ್ದ ಇರುತ್ತವೆ. ವಾಹನವನ್ನು ಜಾಕಿನ ಮೇಲೆ ಎತ್ತಿ ಹಿಂದಿನ ಆಕ್ಸಲ್ ಜೋತಾಡುವಾಗಲೇ ಬೋಲ್ಟು ಬಿಗಿದರೆ, ಚಕ್ರಗಳ ಮೇಲೆ ಭಾರ ಬಂದಾಗ ರಬ್ಬರ್ ಹುಟ್ಟಿನಿಂದಲೇ ಒಂದು ಕಡೆಗೆ ಎಳೆದುಕೊಂಡಿರುತ್ತದೆ. ಬೋಲ್ಟುಗಳನ್ನು ಕೈಬಿಗಿಯಲ್ಲಿಟ್ಟು, ವಾಹನವನ್ನು ನೆಲಕ್ಕಿಳಿಸಿ, ಹಿಂದೆ ಮುಂದೆ ಎರಡು ಸಲ ನೂಕಿ, ಆಮೇಲೆ ಪೂರ್ತಿ ಬಿಗಿಯಬೇಕು.

ಬಿಳಿಪಿಕಪ್

ಹೇಳಿದ್ದನ್ನೆಲ್ಲ ಮಾಡಿದೆ. ಪೆಡಲಿನಿಂದ ಕಾಲು ಪೂರ್ತಿ ತೆಗೆದರೂ ನಡುಗುತ್ತದೆ, ಗೇರ್ ಬದಲಿಸಿದರೂ ಲಯ ಒಂದೇ. ಹಿಂದಿನ ಕ್ರಾಸಿನ ಒಂದು ಕಪ್ಪಿನ ಸುತ್ತ ಕೆಂಪು ಪುಡಿ ಇದೆ, ಯೋಕುಗಳನ್ನು ತಿರುವಿದರೆ 'ಟಕ್' ಎನ್ನುವ ಸಡಿಲವಿದೆ. ನಡುವಿನ ಕ್ರಾಸಿನಲ್ಲಿ ಸಡಿಲವಿಲ್ಲ. ಸೆಂಟರ್ ಬೇರಿಂಗಿನ ರಬ್ಬರ್ ಮೇಲ್ಭಾಗದಲ್ಲಿ ಪೂರ್ತಿ ಸೀಳಿದೆ. ಮರದ ತುಂಡಿನಿಂದ ಎತ್ತಿದರೆ ಶಾಫ್ಟ್ ಅರ್ಧ ಇಂಚಿಗೂ ಹೆಚ್ಚು ಮೇಲೇಳುತ್ತದೆ, ಬ್ರಾಕೆಟ್ಟಿನ ಒಳಬದಿಯಲ್ಲಿ ಉಜ್ಜಿ ಹೊಳೆಯುತ್ತಿರುವ ಗುರುತೂ ಇದೆ. ನಾಳೆ ಪೇಟೆಗೆ ಒಯ್ದು ಮೂರೂ ಕ್ರಾಸ್, ಸೆಂಟರ್ ಬೇರಿಂಗ್ ಎರಡನ್ನೂ ಹಾಕಿಸುತ್ತೇನೆ.

ಲೇತ್‌ಮನೆ

ನಾಳೆ ಹೋಗುವ ಮುನ್ನ ಇದನ್ನು ಓದಿ. ನಮ್ಮ ಲೇತ್ ಅಂಗಡಿಗೆ ಬರುವ ಶಾಫ್ಟುಗಳಲ್ಲಿ ಸವೆದು ಬರುವುದಕ್ಕಿಂತ ಕ್ರಾಸ್ ಬದಲಿಸುವಾಗ ಕೆಡಿಸಿಕೊಂಡು ಬರುವವೇ ಹೆಚ್ಚು. ಕಪ್ಪನ್ನು ಹೊರತೆಗೆಯಲು ಸುತ್ತಿಗೆಯಿಂದ ಕೊಳವೆಗೆ ಬಡಿಯಲು ಬಿಡಬೇಡಿ, ಸಣ್ಣ ತಗ್ಗು ಬಿದ್ದರೂ ಶಾಫ್ಟ್ ಕೆಟ್ಟಿತು. ವೈಸಿನಲ್ಲಿ ಹಿಡಿದು, ಒಂದು ಬದಿಗೆ ಸಣ್ಣ ಸಾಕೆಟ್, ಎದುರು ಬದಿಗೆ ಕಪ್ಪು ಒಳಗೆ ಹೋಗುವಷ್ಟು ದೊಡ್ಡ ಸಾಕೆಟ್ ಇಟ್ಟು ಒತ್ತಬೇಕು.

ಹೊಸ ಕಪ್ಪು ಕೂರಿಸುವಾಗ ಒಳಗಿನ ಸೂಜಿಗಳಲ್ಲಿ ಒಂದೇ ಒಂದು ಬಿದ್ದು ತಳದಲ್ಲಿ ಅಡ್ಡ ಮಲಗಿದರೂ ಕಪ್ಪು ಪೂರ್ತಿ ಕೂರುವುದಿಲ್ಲ, ಸರ್ಕ್ಲಿಪ್ಪು ತನ್ನ ಗ್ರೂವಿಗೆ ಇಳಿಯುವುದಿಲ್ಲ. ಆಗ ಕೆಲವರು ಇನ್ನೆರಡು ಏಟು ಹಾಕಿ ಇಳಿಸುತ್ತಾರೆ. ಅದು ತಪ್ಪು, ಹೊರತೆಗೆದು ಸೂಜಿಗಳನ್ನು ಗ್ರೀಸಿನಲ್ಲಿ ನಿಲ್ಲಿಸಿ ಮತ್ತೆ ಕೂರಿಸಬೇಕು. ಎಲ್ಲ ಸರಿ ಕೂತ ಮೇಲೂ ಕ್ರಾಸ್ ಬಿಗಿಯೆನಿಸಿದರೆ ಯೋಕಿನ ಕಿವಿಗಳಿಗೆ ತಾಮ್ರದ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಕಪ್ಪುಗಳು ಸರ್ಕ್ಲಿಪ್ಪಿನವರೆಗೆ ಹಿಂದೆ ಸರಿದು ಸಲೀಸಾಗುತ್ತದೆ. ಗ್ರೀಸ್ ಗನ್ನಿನಿಂದ ತುಂಬುವಾಗ ನಾಲ್ಕೂ ಕಪ್ಪುಗಳ ಅಂಚಿನಲ್ಲಿ ಗ್ರೀಸ್ ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದೇ ಮೊದಲು ಹೋಗುವುದು.

ಕೊನೆಗೆ, ಕ್ರಾಸ್ ಬದಲಾದರೆ ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಲೇಬೇಕು. ನಾನು ಆ ಮಿಷನ್ ಇಟ್ಟುಕೊಂಡವನು, ಆದ್ದರಿಂದ ವ್ಯಾಪಾರಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರೂ ಬೇಸರವಿಲ್ಲ.

ಬಿಳಿಪಿಕಪ್

ಹತ್ತು ದಿನಗಳ ಮೇಲೆ ಬರೆಯುತ್ತಿದ್ದೇನೆ, ಖುಷಿಯಿಂದಲ್ಲ. ಮೂರು ಕ್ರಾಸ್, ಸೆಂಟರ್ ಬೇರಿಂಗ್ ಎಲ್ಲ ಹೊಸದಾಗಿವೆ. ನಡುವಿನ ಕ್ರಾಸನ್ನು ಬಿಚ್ಚಿದಾಗ ನಿಜಕ್ಕೂ ಬಿಗಿಯಾಗಿತ್ತು; ಒಂದು ದಿಕ್ಕಿಗೆ ಮಡಚಿದರೆ ಹಲ್ಲಿಗೆ ಸಿಕ್ಕಿಕೊಂಡಂತೆ ತಡೆಯುತ್ತಿತ್ತು, ಒಳಗಿನ ತೋಳಿನ ಮೇಲೆ ಸೂಜಿಗಳು ಒತ್ತಿದ ಸಾಲುಸಾಲು ಗೆರೆಗಳಿದ್ದವು. ಹಳೇಡಿಪೋ ಸರ್ ಹೇಳಿದ ಹಾಗೆ ಸಡಿಲವಿಲ್ಲದ್ದೇ ಹೆಚ್ಚು ಕೆಟ್ಟಿತ್ತು.

ಮೊದಲಿನ ಗಡಗಡ ಪೂರ್ತಿ ಹೋಯಿತು. ಆದರೆ ಈಗ ಮೊದಲಿಲ್ಲದ ಇನ್ನೊಂದು ನಡುಕ ಬಂದಿದೆ. 45 ದಾಟಿದರೆ ಆರಂಭವಾಗಿ 55ರಿಂದ 65ರಲ್ಲಿ ಇಡೀ ಕ್ಯಾಬಿನ್ ಗುಂಯ್ ಎನ್ನುತ್ತಾ ನಡುಗುತ್ತದೆ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ನ್ಯೂಟ್ರಲ್ಲಿಗೆ ಹಾಕಿದರೂ ಅಷ್ಟೇ. ಕೆಲಸ ಮಾಡಿದವರು "ಹೊಸ ಕ್ರಾಸ್ ಪಳಗಬೇಕು, ಸಾವಿರ ಕಿಲೋಮೀಟರ್ ಓಡಿಸಿ" ಎನ್ನುತ್ತಾರೆ.

ಚಕ್ರವ್ಯೂಹ

ನಾನು ಮೊದಲೇ ಹೇಳಿದ್ದೆ, ಬ್ಯಾಲೆನ್ಸಿಂಗ್! ಈಗಲಾದರೂ ವೇಗಕ್ಕೆ ಅಂಟಿದ ನಡುಕ, ಎಳೆತಕ್ಕಲ್ಲ ಎಂದು ನೀವೇ ಹೇಳುತ್ತಿದ್ದೀರಿ.

ಕೋನಮಾಪಕ

ಚಕ್ರವ್ಯೂಹ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ: ಇದು ವೇಗದ ನಡುಕ. ಆದರೆ ವೇಗದ ನಡುಕದಲ್ಲೂ ಎರಡು ಬಗೆ. ತೂಕದ ದೋಷವಾದರೆ ಶಾಫ್ಟ್ ಒಂದು ಸುತ್ತಿಗೆ ಒಂದು ಸಲ ಒದೆಯುತ್ತದೆ, ಕ್ರಾಸುಗಳ ದೋಷವಾದರೆ ಒಂದು ಸುತ್ತಿಗೆ ಎರಡು ಸಲ. ಎಣಿಸಿದರೆ ಗೊತ್ತಾಗುತ್ತದೆ, ಎಣಿಸಲು ಈಗ ಮೊಬೈಲೇ ಸಾಕು. ನಾನು ಪುಣೆಯಲ್ಲಿ ವಾಹನ ಪರೀಕ್ಷೆಯ ಕೆಲಸದಲ್ಲಿರುವವನು. ಮನೆಯ ಗಾಡಿಗೆ ನಾನೂ phyphox ಎಂಬ ಉಚಿತ ಆ್ಯಪ್‌ನ್ನೇ ಬಳಸುತ್ತೇನೆ.

ಮೊದಲು ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದು ಪೂರ್ತಿ ಸುತ್ತಿಗೆ ವಾಹನ ಎಷ್ಟು ದೂರ ಹೋಗುತ್ತದೆ ಎಂದು ಅಳೆಯಿರಿ. ಬಳಿಕ ಹಿಂದಿನ ಒಂದೇ ಚಕ್ರವನ್ನು ಎತ್ತಿ, ಉಳಿದ ಮೂರಕ್ಕೂ ಭದ್ರವಾಗಿ ಕಲ್ಲು ಕೊಟ್ಟು, ಆಕ್ಸಲಿನಡಿ ಸ್ಟ್ಯಾಂಡ್ ಇಟ್ಟು, ನ್ಯೂಟ್ರಲ್ಲಿನಲ್ಲಿ ಆ ಚಕ್ರವನ್ನು ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನಿಂತಿರುವುದರಿಂದ ಎರಡು ಸುತ್ತು ಎರಡೂ ಚಕ್ರಗಳ ಒಂದು ಸುತ್ತಿಗೆ ಸಮ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತಿತೋ ಅದೇ ನಿಮ್ಮ ಹೌಸಿಂಗಿನ ಅನುಪಾತ. ಆಮೇಲೆ 55ರಲ್ಲಿ ಸಮನಾಗಿ ಹೋಗುತ್ತಾ, ಪಕ್ಕದಲ್ಲಿ ಕೂತವರು ಮೊಬೈಲನ್ನು ಸೀಟಿನ ಕಂಬಿಗೆ ಒತ್ತಿಹಿಡಿದು ಕಂಪನದ ಪಟ್ಟಿಯಲ್ಲಿ ಅತಿ ಎತ್ತರದ ಗೆರೆ ಯಾವ ಸಂಖ್ಯೆಯಲ್ಲಿದೆ ಎಂದು ನೋಡಲಿ. ವೇಗವನ್ನು ಮೀಟರಿನಿಂದಲ್ಲ, ಜಿಪಿಎಸ್‌ನಿಂದ ತೆಗೆದುಕೊಳ್ಳಿ.

ಬಿಳಿಪಿಕಪ್

ಟೈರಿನ ಒಂದು ಸುತ್ತು 2.25 ಮೀಟರ್. ಶಾಫ್ಟ್ ನಾಲ್ಕೂಕಾಲಕ್ಕಿಂತ ತುಸು ಹೆಚ್ಚು ಸುತ್ತಿತು, 4.3 ಎಂದುಕೊಳ್ಳಬಹುದು. ಮಗ ಮೊಬೈಲ್ ಹಿಡಿದಿದ್ದ. 55ರಲ್ಲಿ ಎತ್ತರದ ಗೆರೆ 58 ಹರ್ಟ್ಸ್ ಹತ್ತಿರ ಬಂತು. 29ರಲ್ಲಿ ಒಂದು ಸಣ್ಣ ಗೆರೆ, 7ರ ಹತ್ತಿರ ಇನ್ನೂ ಸಣ್ಣದು.

ಕೋನಮಾಪಕ

ಇಷ್ಟು ಚೊಕ್ಕವಾಗಿ ಬರುತ್ತದೆ ಎಂದು ನಾನೂ ನಿರೀಕ್ಷಿಸಿರಲಿಲ್ಲ. ಗಂಟೆಗೆ 55 ಕಿ.ಮೀ. ಎಂದರೆ ಸೆಕೆಂಡಿಗೆ 15.3 ಮೀಟರ್, 2.25ರಿಂದ ಭಾಗಿಸಿದರೆ ಚಕ್ರ ಸೆಕೆಂಡಿಗೆ 6.8 ಸುತ್ತು. ನಿಮ್ಮ 7ರ ಗೆರೆ ಚಕ್ರದ್ದು, ಅದು ಸಣ್ಣದಿದೆ, ಚಕ್ರಗಳು ನಿರಪರಾಧಿಗಳು. 4.3ರಿಂದ ಗುಣಿಸಿದರೆ ಶಾಫ್ಟ್ ಸೆಕೆಂಡಿಗೆ 29 ಸುತ್ತು. ಅದೂ ಸಣ್ಣದಿದೆ, ಹಾಗಾಗಿ ಶಾಫ್ಟಿನ ತೂಕದ ದೋಷ ಅಲ್ಪ. ಅದರ ಎರಡರಷ್ಟು 58ರಲ್ಲಿ ದೊಡ್ಡ ಗೆರೆ ಇದೆ. ನಾಲ್ಕು ಸಿಲಿಂಡರಿನ ಎಂಜಿನ್ನೂ ತನ್ನ ಸುತ್ತಿನ ಎರಡರಷ್ಟರಲ್ಲಿ ನಡುಗುತ್ತದೆ, ಆದರೆ ನ್ಯೂಟ್ರಲ್ಲಿನಲ್ಲೂ ಇದು ಉಳಿದಿದೆ ಎಂದು ನೀವು ಬರೆದಿರುವುದರಿಂದ ಎಂಜಿನ್ ಅಲ್ಲ. ಎಂದರೆ ಹೊಸ ಕ್ರಾಸುಗಳ ಕೋನ ಅಥವಾ ಜೋಡಣೆ ತಪ್ಪಿದೆ. ಸಾವಿರ ಕಿಲೋಮೀಟರ್ ಓಡಿಸಿದರೆ ಪಳಗುವುದು ನೀವು, ಕ್ರಾಸ್ ಅಲ್ಲ.

ಹಳೇಡಿಪೋ

ಒಂದು ಪ್ರಶ್ನೆ. ಹಿಂದಿನ ತುಂಡಿನಲ್ಲಿ, ಸೆಂಟರ್ ಬೇರಿಂಗಿನ ಹಿಂದೆ, ಉದ್ದ ಹೆಚ್ಚು ಕಡಿಮೆಯಾಗಲು ಬಿಡುವ ಸ್ಪ್ಲೈನ್ ಇದೆಯಲ್ಲ, ಅದನ್ನು ಕೆಲಸದವರು ಎಳೆದು ಬೇರೆ ಮಾಡಿದ್ದರೇ? ಬೇರೆ ಮಾಡುವ ಮೊದಲು ಬಣ್ಣದ ಗುರುತು ಹಾಕಿದ್ದರೇ?

ಬಿಳಿಪಿಕಪ್

ಬೇರೆ ಮಾಡಿದ್ದರು. ನಡುವಿನ ಕ್ರಾಸನ್ನು ವೈಸಿಗೆ ಹಾಕಲು ಉದ್ದದ ಶಾಫ್ಟ್ ತೊಡಕೆಂದು ಎಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ಹಾಕಿ ಸೇರಿಸಿದರು. ನೋಡಿ ಎಷ್ಟು ನೀಟಾಗಿ ಮಾಡುತ್ತಾರೆ ಎಂದು ನಾನೇ ಮೆಚ್ಚಿಕೊಂಡಿದ್ದೆ. ಗುರುತು ಹಾಕಿದ್ದನ್ನು ನೋಡಲಿಲ್ಲ.

ಹಳೇಡಿಪೋ

ಹಾಗಾದರೆ ಅಲ್ಲೇ ಇದೆ. ಕ್ರಾಸ್ ಕೋನದಲ್ಲಿ ತಿರುಗುವಾಗ ಮುಂದಿನ ಶಾಫ್ಟ್ ಸಮವೇಗದಲ್ಲಿದ್ದರೂ ಹಿಂದಿನದು ಸಮವೇಗದಲ್ಲಿ ಸುತ್ತುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಓಡಿ ಎರಡು ಸಲ ತಡೆಯುತ್ತದೆ. ನಡುವಿನ ಕ್ರಾಸ್ ಹುಟ್ಟಿಸಿದ ಈ ಏರುಪೇರನ್ನು ಹಿಂದಿನ ಕ್ರಾಸ್ ಅಳಿಸಿಹಾಕುತ್ತದೆ. ಅದಕ್ಕೆ ಎರಡು ಷರತ್ತು: ಎರಡರ ಕೋನ ಸಮನಾಗಿರಬೇಕು, ಹಿಂದಿನ ತುಂಡಿನ ಎರಡು ತುದಿಯ ಯೋಕುಗಳ ಕಿವಿಗಳು ಒಂದೇ ನೇರದಲ್ಲಿರಬೇಕು. ಸ್ಪ್ಲೈನನ್ನು ಒಂದು ಹಲ್ಲು ಆಚೀಚೆ ಸೇರಿಸಿದರೂ ಎರಡನೆಯ ಷರತ್ತು ಮುರಿಯುತ್ತದೆ.

ಸ್ಪ್ಲೈನಿನ ಎರಡೂ ಬದಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಬಣ್ಣ, ಗ್ರೀಸಿನ ಅಡಿಯಲ್ಲಿ ತಯಾರಕರು ಕೊರೆದ ಬಾಣದ ಗುರುತುಗಳು ಸಿಗುತ್ತವೆ, ಅವು ಎದುರುಬದುರಾಗಿರಬೇಕು. ಹಿಂದಿನ ತುಂಡಿಗೆ ಮಾತ್ರ ಈ ಮಾತು. ಮುಂದಿನ ತುಂಡಿನ ಯೋಕುಗಳನ್ನು ಕೆಲವು ತಯಾರಕರು ಬೇಕೆಂದೇ ಅಡ್ಡ ಕೂರಿಸಿರುತ್ತಾರೆ. ಅದು ಕಣ್ಣಿಗೆ ತಪ್ಪಾಗಿ ಕಂಡರೂ ಗುರುತಿನ ಪ್ರಕಾರವೇ ಬಿಡಿ.

ಟ್ರಿಪ್‌ಶೀಟ್

ಒಂದು ಹಲ್ಲಿಗೆ ಇಷ್ಟೊಂದು ನಡುಕವೇ? ನನಗೆ ನಂಬಿಕೆ ಬರುತ್ತಿಲ್ಲ. ಹಲ್ಲು ಎಂದರೆ ಕಣ್ಣಿಗೆ ಕಾಣದಷ್ಟು ವ್ಯತ್ಯಾಸವಲ್ಲವೇ?

ಕೋನಮಾಪಕ

ಸ್ಪ್ಲೈನಿನಲ್ಲಿ 16 ಹಲ್ಲುಗಳಿವೆ ಎಂದುಕೊಂಡರೆ ಒಂದು ಹಲ್ಲು ಎಂದರೆ 22.5 ಡಿಗ್ರಿ, ಗಡಿಯಾರದ ಮುಕ್ಕಾಲು ಗಂಟೆಯ ಅಂತರ. ಏರುಪೇರು ಸುತ್ತಿಗೆ ಎರಡು ಸಲ ಬರುವುದರಿಂದ ಅದರ ಲೆಕ್ಕದಲ್ಲಿ ಈ ತಪ್ಪು 45 ಡಿಗ್ರಿಯಾಗುತ್ತದೆ. ಕೋನಗಳು ಸಮನಾಗಿದ್ದರೂ ಅಳಿಸಿಹೋಗಬೇಕಾಗಿದ್ದ ಏರುಪೇರಿನಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು, 100ಕ್ಕೆ 76ರಷ್ಟು, ಹಾಗೆಯೇ ಉಳಿದುಬಿಡುತ್ತದೆ. ಎರಡು ಹಲ್ಲು ತಪ್ಪಿದರೆ ಹಿಂದಿನ ಕ್ರಾಸ್ ಇಲ್ಲದಿದ್ದುದಕ್ಕಿಂತ ಹೆಚ್ಚು ಏರುಪೇರು. ಹಲ್ಲುಗಳ ಸಂಖ್ಯೆ ಹೆಚ್ಚಿದ್ದರೆ ತಪ್ಪು ಸಣ್ಣದಾಗುತ್ತದೆ, ಅಷ್ಟೇ.

ಬಿಳಿಪಿಕಪ್

ಉಜ್ಜಿದೆ. ಒಂದು ಬಾಣ ಇಲ್ಲಿ, ಇನ್ನೊಂದು ಒಂದು ಹಲ್ಲು ಆಚೆ. ಎಣಿಸಿದೆ, 16 ಹಲ್ಲುಗಳೇ. ಗುರುತು ಸೇರಿಸಿ ಜೋಡಿಸಿ, ಬ್ರಾಕೆಟ್ಟಿನ ಬೋಲ್ಟುಗಳನ್ನು ವಾಹನ ನೆಲದ ಮೇಲಿದ್ದಾಗ ಬಿಗಿದು ಓಡಿಸಿದೆ. 55ರ ಗುಂಯ್‌ಗುಡುವಿಕೆ ಇಲ್ಲ. 58ರ ಗೆರೆ ಈಗ 29ರ ಗೆರೆಗಿಂತ ಸಣ್ಣದು. ಬ್ಯಾಲೆನ್ಸ್ ಮಾಡಿಸಿಲ್ಲ.

ಒಂದೇ ಒಂದು ಉಳಿದಿದೆ. ಖಾಲಿ ವಾಹನವನ್ನು ಒಂದನೇ ಗೇರಿನಲ್ಲಿ ಜೋರಾಗಿ ಎಬ್ಬಿಸಿದರೆ 10ರಿಂದ 20ರ ನಡುವೆ ಸಣ್ಣದೊಂದು ಅದುರು. ಹೊರೆ ಇದ್ದರೆ ಅದೂ ಇಲ್ಲ. ಎರಡು ವರ್ಷದ ಹಿಂದೆ ಹಿಂಬದಿಯ ಸ್ಪ್ರಿಂಗ್ ಪಾಟಾಗಳಿಗೆ ಬದಿಗೊಂದರಂತೆ ಹೆಚ್ಚುವರಿ ಪ್ಲೇಟ್ ಹಾಕಿಸಿದ್ದೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಕೋನಮಾಪಕ

ಇದೆ. ಖಾಲಿ ಇದ್ದಾಗ ಹಿಂಭಾಗ ಮೊದಲಿಗಿಂತ ಎತ್ತರ ನಿಲ್ಲುತ್ತದೆ, ಹಿಂದಿನ ಶಾಫ್ಟಿನ ಇಳಿಜಾರು ಹೆಚ್ಚುತ್ತದೆ. ಮೊಬೈಲಿನ ಕೋನ ಅಳೆಯುವ ಸಾಧನವನ್ನು ಮುಂದಿನ ತುಂಡು, ಹಿಂದಿನ ತುಂಡು, ಪಿನಿಯನ್ ಫ್ಲಾಂಜ್ ಮೂರರ ಮೇಲೂ ಇಟ್ಟು ಖಾಲಿಯಾಗಿ ಒಮ್ಮೆ, ಹೊರೆಯೊಂದಿಗೆ ಒಮ್ಮೆ ಅಳೆಯಿರಿ. ಫ್ಲಾಂಜಿನ ಮುಖ ಲಂಬವಾಗಿರುವುದರಿಂದ ಅದರ ಓದನ್ನು 90ರಿಂದ ಕಳೆಯಬೇಕು.

ಬಿಳಿಪಿಕಪ್

ಖಾಲಿ ಇದ್ದಾಗ ಹಿಂದಕ್ಕೆ ಇಳಿಜಾರು ಕ್ರಮವಾಗಿ 4, 11.5, 4.5 ಡಿಗ್ರಿ. ಒಂದು ಟನ್ ಹೊರೆಯೊಂದಿಗೆ 4, 8, 4.

ಕೋನಮಾಪಕ

ಹೊರೆಯೊಂದಿಗೆ ನಡುವಿನ ಕ್ರಾಸಿನ ಕೋನ 4, ಹಿಂದಿನದೂ 4. ಖಾಲಿಯಾಗಿ 7.5 ಮತ್ತು 7. ಎರಡೂ ಸ್ಥಿತಿಯಲ್ಲಿ ಪರಸ್ಪರ ವ್ಯತ್ಯಾಸ ಒಂದು ಡಿಗ್ರಿಯೊಳಗೇ ಇದೆ, ಅದಕ್ಕೇ ವೇಗದಲ್ಲಿ ನಡುಕವಿಲ್ಲ. ಆದರೆ ಸೆಂಟರ್ ಬೇರಿಂಗನ್ನು ಪಕ್ಕಕ್ಕೆ ತಳ್ಳುವ ಬಲ ಕೋನದ ಜೊತೆ ಏರುತ್ತದೆ; ಖಾಲಿಯಾಗಿ ಅದು ಸುಮಾರು ಇಮ್ಮಡಿ. ಸೆಂಟರ್ ಬೇರಿಂಗಿನ ಬ್ರಾಕೆಟ್ಟಿಗೂ ಚಾಸಿಗೂ ನಡುವೆ ಕೆಲವು ಮಿಲಿಮೀಟರಿನ ವಾಷರ್ ಪಟ್ಟಿ ಕೊಟ್ಟು ಇಳಿಸಿದರೆ ಹಿಂದಿನ ತುಂಡಿನ ಇಳಿಜಾರು ತುಸು ಕಡಿಮೆಯಾಗುತ್ತದೆ.

ಹಳೇಡಿಪೋ

ಅಲ್ಲಿ ನಾನು ಒಪ್ಪುವುದಿಲ್ಲ. ಬೇರಿಂಗನ್ನು ಇಳಿಸಿದರೆ ಮುಂದಿನ ತುಂಡಿನ ಇಳಿಜಾರು ಹೆಚ್ಚುತ್ತದೆ, ಗೇರ್‌ಬಾಕ್ಸಿನ ಹಿಂದಿನ ಕ್ರಾಸಿನ ಕೋನ ಏರುತ್ತದೆ. ಆ ಕ್ರಾಸಿನ ಏರುಪೇರನ್ನು ಅಳಿಸಲು ಜೋಡಿ ಇಲ್ಲ, ಅದಕ್ಕೇ ಅದನ್ನು ಬಹುತೇಕ ನೇರವಾಗಿ ಇಟ್ಟಿರುತ್ತಾರೆ. ಹೊರೆಯೊಂದಿಗೆ ಈಗ ಸಮವಾಗಿರುವ 4 ಮತ್ತು 4ನ್ನೂ ಕೆಡಿಸಿದಂತಾಗುತ್ತದೆ. ನನ್ನ ಮಟ್ಟಿಗೆ ಆ ಹೆಚ್ಚುವರಿ ಪ್ಲೇಟನ್ನೇ ತೆಗೆಸುವುದು ಸರಿ. ಎಳೆತಕ್ಕೆ ಪಾಟಾ ತಿರುಚಿ ಪಿನಿಯನ್ ಮೂತಿ ಮೇಲೇಳುವುದೂ ಇದರಲ್ಲಿ ಸೇರಿರಬಹುದು. ಯು ಬೋಲ್ಟುಗಳ ಬಿಗಿಯನ್ನಾದರೂ ನೋಡಿಸಿ.

ಲೇತ್‌ಮನೆ

ಬ್ಯಾಲೆನ್ಸ್ ಮಾಡಿಸದೆಯೇ ಸರಿಯಾಯಿತು ಎಂದು ಬರೆದಿದ್ದೀರಿ. 80ರ ಮೇಲೆ ಓಡಿಸಿ ನೋಡಿ ಆಮೇಲೆ ಹೇಳಿ. 29ರ ಗೆರೆ ಇನ್ನೂ ಇದೆ ಎಂದು ನೀವೇ ಬರೆದಿರುವಿರಿ.

ಬಿಳಿಪಿಕಪ್

ನಮ್ಮ ರಸ್ತೆಯಲ್ಲಿ 80ರ ಮೇಲೆ ಓಡಿಸಲು ಜಾಗ ಎಲ್ಲಿದೆ, ಲೇತ್‌ಮನೆಯವರೇ! ಕುಂದಾಪುರದ ಹೆದ್ದಾರಿಯಲ್ಲಿ ಒಮ್ಮೆ ಪ್ರಯತ್ನಿಸುತ್ತೇನೆ. ಪ್ಲೇಟ್ ತೆಗೆಸಿದರೆ ಅಡಿಕೆ ಸೀಸನ್ನಿನಲ್ಲಿ ಹಿಂಭಾಗ ಕುಸಿಯುತ್ತದೆ, ಹಾಗಾಗಿ ಸದ್ಯ ಯು ಬೋಲ್ಟುಗಳನ್ನು ಮಾತ್ರ ಬಿಗಿಸಿದ್ದೇನೆ. ಎಡಬದಿಯದು ಮುಕ್ಕಾಲು ಸುತ್ತು ಬಂತು. ಅದುರು ಸ್ವಲ್ಪ ತಗ್ಗಿದೆ, ಹೋಗಿಲ್ಲ.

ಟ್ರಿಪ್‌ಶೀಟ್

ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ನಿನ್ನೆ ನನ್ನ ವಾಹನದ ಶಾಫ್ಟ್ ಇಳಿಸಿ ಕ್ರಾಸುಗಳನ್ನು ಆಡಿಸಿ ನೋಡಿದೆ. ನಡುವಿನದು ಒಂದು ದಿಕ್ಕಿಗೆ ಮಡಚುವುದೇ ಇಲ್ಲ, ಮೊಣಕಾಲು ಕೊಟ್ಟು ಒತ್ತಬೇಕಾಯಿತು. ಇಳಿಸುವ ಮೊದಲು ಸ್ಪ್ಲೈನಿಗೂ ಫ್ಲಾಂಜುಗಳಿಗೂ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ. ನಾಲ್ಕನೆಯ ಸೆಂಟರ್ ಬೇರಿಂಗ್ ಇನ್ನೂ ಡಬ್ಬಿಯಲ್ಲೇ ಇದೆ, ಕ್ರಾಸ್ ಬಂದ ಮೇಲೆ ಎರಡನ್ನೂ ಒಟ್ಟಿಗೆ ಹಾಕಿಸುತ್ತೇನೆ.